ಗೋಳಗುಮ್ಮಟದ ಅಂಗಳದಲ್ಲಿ ಒಂದು ಅರಬ್ಬಿ ಕೈಪಿಡಿ: ವಸ್ತುಸಂಗ್ರಹಾಲಯದ ಫಲಕಗಳನ್ನು ಅನುವಾದಿಸಿದ ಒಂದು ಪ್ರಕರಣ

ವೀರಗಲ್ಲಿನ ಮುಂದೆ ನಿಂತಿದ್ದ ಯೆಮನ್ ದೇಶದ ಹುಡುಗ ಕೈಯಲ್ಲಿದ್ದ ಹಾಳೆಯನ್ನು ಎರಡು ಸಲ ಓದಿ ನನ್ನ ಕಡೆ ತಿರುಗಿದ. "ಉಸ್ತಾದ್, ಈ ಕಲ್ಲಿನ ವರ್ಷದ ಬಗ್ಗೆ ವಿದ್ವಾಂಸರಿಗೆ ಯಾಕೆ ಸಂಶಯ?" ಎಂದು ಕೇಳಿದ. ಹಾಳೆಯಲ್ಲಿ ನಾವು ಬರೆದಿದ್ದದ್ದು 'ಶಕ ವರ್ಷ' ಎಂದು. ಅರಬ್ಬಿ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹಾಗಾಗಿ ನಮ್ಮ 'ಶಕ' ಅಲ್ಲಿ ಶೀನ್ ಮತ್ತು ಕಾಫ್ ಎಂಬ ಎರಡೇ ಅಕ್ಷರವಾಗಿ ಉಳಿದಿತ್ತು. ಅರಬ್ಬಿ ಓದುವ ಯಾರೇ ಆದರೂ ಆ ಎರಡು ಅಕ್ಷರಗಳನ್ನು 'ಶಕ್ಕ್' ಎಂದು ಓದುತ್ತಾರೆ. ಅದರ ಅರ್ಥ ಸಂಶಯ. ಹುಡುಗ ಓದಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ವಿಜಯಪುರದ ಗೋಳಗುಮ್ಮಟದ ಮುಂದೆ ನಗಾರಖಾನೆಯ ಕಟ್ಟಡದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಅರಬ್ಬಿ, ಪಾರಸಿ, ಕನ್ನಡ, ಸಂಸ್ಕೃತ ಶಾಸನಗಳು, ಜೈನ ಮತ್ತು ವೈದಿಕ ಶಿಲ್ಪಗಳು, ವೀರಗಲ್ಲುಗಳು, ಫರ್ಮಾನುಗಳು, ಚೀನೀ ಪಿಂಗಾಣಿ, ಬಿದರಿ ಸಾಮಾನು, ಕಿರುಚಿತ್ರಗಳು, ಎಲ್ಲವೂ ಒಂದೇ ಸೂರಿನಡಿ ಸೇರಿವೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಓದಲು ಬಂದಿದ್ದ 19 ಮಂದಿ ಅರಬ್ಬಿ ಭಾಷಿಕ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವ ಹೊಣೆ ನನ್ನ ಮೇಲೆ ಬಿತ್ತು. ಯೆಮನ್, ಇರಾಕ್, ಸುಡಾನ್, ಅಲ್ಜೀರಿಯಾದವರು. ಹೆಚ್ಚಿನವರು ಇನ್ನೂ ಇಂಗ್ಲಿಷ್ ತಯಾರಿ ತರಗತಿಯಲ್ಲಿದ್ದರು. ಕನ್ನಡವಂತೂ ಬಸ್ಸು, ಊಟ, ಬಾಡಿಗೆ ಮನೆಯಷ್ಟಕ್ಕೆ ಮಾತ್ರ ಬರುತ್ತಿತ್ತು. ನಾನು ಇತಿಹಾಸದ ಅಧ್ಯಾಪಕ. ಅರಬ್ಬಿ, ಪಾರಸಿ ಕಲಿತದ್ದು ಶಾಸನ ಓದುವುದಕ್ಕಾಗಿ. ಕೊಲ್ಲಿ ದೇಶದಲ್ಲಿ ಹದಿನಾಲ್ಕು ವರ್ಷ ದುಡಿದು ಊರಿಗೆ ಮರಳಿದ ಗೆಳೆಯನೊಬ್ಬ ಜೊತೆಗೂಡಿದ. ಅವನ ಆಡುಮಾತಿನ ಅರಬ್ಬಿ ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅಧಿಕಾರಿಗಳ ಅನುಮತಿ ಪಡೆದು ಫಲಕಗಳ ಫೋಟೊ ತೆಗೆದು, ನಾಲ್ಕು ಸಂಜೆ ಕುಳಿತು ಅನುವಾದಿಸಿ, ಕೈಪಿಡಿಯೊಂದನ್ನು ಮುದ್ರಿಸಿದೆವು. ಮೊದಲ ತಂಡ ಅದನ್ನು ಹಿಡಿದು ಒಳಗೆ ಹೋದಾಗ ಆದದ್ದು ಮೇಲೆ ಹೇಳಿದ ಘಟನೆ. ಆಮೇಲೆ ಆ ಹಾಳೆಗಳನ್ನೆಲ್ಲ ವಾಪಸು ತೆಗೆದುಕೊಂಡು ಮತ್ತೆ ಬರೆದೆವು.

ತಪ್ಪುಗಳು ಎಲ್ಲಿ ಕಾದಿರುತ್ತವೆ ಎಂಬ ನನ್ನ ಅಂದಾಜು ತಲೆಕೆಳಗಾಯಿತು. ತೀರ್ಥಂಕರ, ವೀರಗಲ್ಲು, ಸಂವತ್ಸರದಂಥ ಪದಗಳೇ ಕಷ್ಟ ಎಂದುಕೊಂಡಿದ್ದೆ. ಅವು ವಿದ್ಯಾರ್ಥಿಗಳಿಗೆ ಪೂರಾ ಹೊಸವು. ಹೊಸದು ಕಂಡಾಗ ಅವರು ನಿಂತು ಕೇಳಿದರು, ನಾನು ಹೇಳಿದೆ, ಅಲ್ಲಿಗೆ ಮುಗಿಯಿತು. ಪೆಟ್ಟು ಬಿದ್ದದ್ದು ಅವರಿಗೆ ಪರಿಚಿತವೆನಿಸಿದ ಪದಗಳಲ್ಲಿ. ಅರಬ್ಬಿಯಿಂದ ಪಾರಸಿಗೆ, ಪಾರಸಿಯಿಂದ ದಖ್ಖನಿಗೆ ಬಂದು ನಾಲ್ಕು ಶತಮಾನ ಇಲ್ಲಿ ಬಾಳಿದ ಪದಗಳು ಮರಳಿ ಅರಬ್ಬಿಗೆ ಹೋಗುವಾಗ ಮೊದಲಿನ ಅರ್ಥದಲ್ಲಿ ಉಳಿದಿರುವುದಿಲ್ಲ. ಅವುಗಳನ್ನು ಓದಿದವರು ಅರ್ಥವಾಯಿತೆಂದುಕೊಂಡು ಮುಂದೆ ನಡೆಯುತ್ತಾರೆ, ಯಾರನ್ನೂ ಕೇಳುವುದಿಲ್ಲ.

ಫೋಟೊ ತೆಗೆಯುವ ಹಂತದಲ್ಲೇ ಒಂದು ಪಾಠವಾಗಿತ್ತು. ಮೊದಲ ದಿನ ಗೆಳೆಯ ಫಲಕಗಳನ್ನು ಮಾತ್ರ ಹತ್ತಿರದಿಂದ, ಅಕ್ಷರ ಸ್ಪಷ್ಟವಾಗಿ ಕಾಣುವಂತೆ ತೆಗೆದಿದ್ದ. ಮನೆಗೆ ಬಂದು ನೋಡಿದರೆ ಒಂದರಲ್ಲಿ ಇಂಗ್ಲಿಷಿನಲ್ಲಿ 'ಬೇಸ್, ಬಿದರಿ' ಎಂದಷ್ಟೇ ಇದೆ. ಅವನು ಅದನ್ನು ಅರಬ್ಬಿಯ 'ಕಾಯಿದಾ' ಮಾಡಿದ. ಆ ಪದಕ್ಕೆ ಅಡಿಪಾಯ, ನಿಯಮ, ಸೇನಾನೆಲೆ ಎಂಬ ಅರ್ಥಗಳೆಲ್ಲ ಇವೆ. ಯಾವುದರ ತಳ ಎಂಬುದು ಮಾತ್ರ ಅದರಲ್ಲಿಲ್ಲ. ಅದು ಹುಕ್ಕಾದ ನೀರು ತುಂಬುವ ಬುರುಡೆ. ವಸ್ತುವನ್ನು ನೋಡುತ್ತ ನಿಂತವರಿಗೆ ಫಲಕ ಅಷ್ಟು ಹೇಳಿದರೆ ಸಾಕು, ಹಾಳೆ ಓದುವವರಿಗೆ ಸಾಲದು. ಮರುದಿನದಿಂದ ಪ್ರತಿ ಫಲಕಕ್ಕೂ ಎರಡು ಫೋಟೊ ತೆಗೆದೆವು. ಒಂದು ಫಲಕದ್ದೇ, ಇನ್ನೊಂದು ನಾಲ್ಕು ಹೆಜ್ಜೆ ಹಿಂದೆ ಸರಿದು ಫಲಕವೂ ವಸ್ತುವೂ ಒಂದೇ ಚೌಕಟ್ಟಿನಲ್ಲಿ ಬರುವಂತೆ. ಗಾಜಿನ ಪೆಟ್ಟಿಗೆಯ ಎದುರು ನೇರ ನಿಂತರೆ ಕಿಟಕಿಯ ಬೆಳಕು ಅಂಕಿಗಳ ಮೇಲೆಯೇ ಬೀಳುತ್ತದೆ. ಸ್ವಲ್ಪ ಓರೆ ನಿಂತರೆ ಬೆಳಕು ತಪ್ಪುತ್ತದೆ, ಆದರೆ 3 ಮತ್ತು 8 ಒಂದರಂತೆ ಇನ್ನೊಂದು ಕಾಣತೊಡಗುತ್ತವೆ. ಆದ್ದರಿಂದ ಇಸವಿಯ ಅಂಕಿಗಳನ್ನು ಮಾತ್ರ ಸ್ಥಳದಲ್ಲೇ ಕೈಯಿಂದ ಪುಸ್ತಕಕ್ಕೆ ಬರೆದುಕೊಂಡೆವು. ಮನೆಯಲ್ಲಿ ಫೋಟೊ ನೋಡಿ ಊಹಿಸಿದ ಇಸವಿಯನ್ನು ನಾನು ನಂಬುವುದಿಲ್ಲ.

ಈಗ ಶಕದ ವಿಷಯಕ್ಕೆ ಮರಳುತ್ತೇನೆ. ಅರಬ್ಬಿಯಲ್ಲಿ ಈ ಪದಕ್ಕೆ ಹಳೆಯ ದಾರಿಯೊಂದಿದೆ. ಸುಮಾರು 1030ರಲ್ಲಿ ಭಾರತದ ಬಗ್ಗೆ ಅರಬ್ಬಿಯಲ್ಲಿ ಬರೆದ ಅಲ್-ಬಿರೂನಿ ಇಲ್ಲಿನ ಕಾಲಗಣನೆಗಳನ್ನು ವಿವರವಾಗಿ ಲೆಕ್ಕ ಹಾಕಿದ್ದಾನೆ. ಈ ಗಣನೆಯನ್ನು ಅವನು 'ಶಕಕಾಲ' ಎಂದೇ ಕರೆದ. ತಾನು ಲೆಕ್ಕಕ್ಕೆ ಆಧಾರವಾಗಿ ಇಟ್ಟುಕೊಂಡ ವರ್ಷವನ್ನು ಶಕಕಾಲ 953 ಎಂದು ಕೊಟ್ಟಿದ್ದಾನೆ. ಅದಕ್ಕೆ 78 ಕೂಡಿಸಿದರೆ 1031. ಹಳೆಯ ಅರಬ್ಬಿ ವಿದ್ವಾಂಸನಿಗೆ ಗೊತ್ತಿದ್ದ ಗಣನೆ ಇದು ಎಂದು ತಿಳಿಸಿದಾಗ ಸುಡಾನಿನ ಹುಡುಗಿಯೊಬ್ಬಳ ಮುಖ ಅರಳಿತು. ಕೈಪಿಡಿಯಲ್ಲಿ ನಾವು ದೀರ್ಘ ಅಲಿಫ್ ಸೇರಿಸಿ 'ಶಾಕಾ' ಎಂದು ಬರೆದೆವು. ಅದರ ಮುಂದೆ ಗಣನೆ ಎಂಬ ಅರ್ಥದ 'ತಕ್ವೀಮ್' ಪದವನ್ನೂ ಹಿಂದೆ 'ಹಿಂದಿ', ಎಂದರೆ ಭಾರತೀಯ, ಎಂಬ ವಿಶೇಷಣವನ್ನೂ ಇಟ್ಟೆವು. ಇನ್ನು ಸಂಶಯಕ್ಕೆ ಎಡೆಯಿರಲಿಲ್ಲ.

ಲೆಕ್ಕದಲ್ಲೂ ಎಚ್ಚರ ಬೇಕು. ಫಲಕದಲ್ಲಿ ಶಕ 1103, ಪ್ಲವ ಸಂವತ್ಸರ ಎಂದಿದೆ ಎನ್ನೋಣ. 78 ಕೂಡಿಸಿದರೆ 1181. ಆದರೆ ಶಕವರ್ಷ ಚೈತ್ರದಿಂದ ಶುರುವಾಗುತ್ತದೆ. ಶಾಸನದ ತಿಂಗಳು ಮಾಘವೋ ಫಾಲ್ಗುಣವೋ ಆಗಿದ್ದರೆ ಆಗ ಹೊರಗಿನ ಲೆಕ್ಕದಲ್ಲಿ 1182 ಬಂದಿರುತ್ತದೆ, 79 ಕೂಡಿಸಬೇಕು. ತಿಂಗಳು ಗೊತ್ತಿಲ್ಲದಿದ್ದರೆ 1181–82 ಎಂದು ಬರೆಯುವುದೇ ಪ್ರಾಮಾಣಿಕ. ಸಂವತ್ಸರದ ಹೆಸರನ್ನು ಅನುವಾದಿಸಲು ಹೋಗಬಾರದು, ಆದರೆ ಬಿಡಲೂಬಾರದು. ಅದು ತಾಳೆ ನೋಡುವುದಕ್ಕೆ ಒದಗುತ್ತದೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. 2021ರ ಯುಗಾದಿಯಂದು ಶುರುವಾದದ್ದು ಶಕ 1943, ಪ್ಲವ. 1943ರಿಂದ 1103 ಕಳೆದರೆ 840, ಅದು ಅರವತ್ತರ ಹದಿನಾಲ್ಕು ಪಟ್ಟು. ಅಂಕಿಯೂ ಹೆಸರೂ ಹೊಂದಿದವು. ಹೊಂದದಿದ್ದರೆ ಫೋಟೊದಲ್ಲಿ ಒಂದು ಅಂಕಿಯನ್ನು ತಪ್ಪಾಗಿ ಓದಿರಬಹುದು. ಶಾಸನದವರು ನಡೆಯುತ್ತಿರುವ ವರ್ಷವನ್ನು ಎಣಿಸಿದ್ದಾರೋ ಕಳೆದ ವರ್ಷವನ್ನೋ ಎಂಬುದನ್ನೂ ಆಗ ನೋಡಬೇಕು.

ಎರಡನೆಯ ಎಡವಟ್ಟು ನನ್ನದೇ, ಮತ್ತು ಅದು ಹೆಚ್ಚು ಹಾನಿ ಮಾಡುತ್ತಿತ್ತು. ಜೈನ ಶಿಲ್ಪವೊಂದಕ್ಕೆ '11ನೆಯ ಶತಮಾನ' ಎಂದು ಬರೆದಿದ್ದೆ. ನಮಗೆ ಅದು ಕಲ್ಯಾಣ ಚಾಲುಕ್ಯರ ಕಾಲ, ಬೇರೆ ಯೋಚನೆಯೇ ಬರುವುದಿಲ್ಲ. ಇರಾಕಿನ ವಿದ್ಯಾರ್ಥಿಯೊಬ್ಬ ಅದನ್ನು ಓದಿ, ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿ ಇಂಥ ಶಿಲ್ಪಗಳನ್ನು ಕಡೆಯುತ್ತಿದ್ದರೇ ಎಂದು ಮೆಚ್ಚುಗೆಯಿಂದ ಕೇಳಿದ. ಇಸ್ಲಾಮೀ ಸ್ಮಾರಕದ ಅಂಗಳದಲ್ಲಿ, ಅರಬ್ಬಿಯಲ್ಲಿ, ಬರಿದೇ '11ನೆಯ ಶತಮಾನ' ಎಂದರೆ ಅವನಿಗೆ ಅದು ಹಿಜ್ರಿಯ ಹನ್ನೊಂದನೆಯ ಶತಮಾನ. ಅದು 1592ರಿಂದ 1689ರ ತನಕ. ಎರಡನೇ ಇಬ್ರಾಹೀಮ್ ಆದಿಲ್‌ಶಾಹಿಯ ಆಳ್ವಿಕೆಯ ಬಹುಭಾಗ, ಮುಹಮ್ಮದ್ ಆದಿಲ್‌ಶಾಹಿಯ ಇಡೀ ಆಳ್ವಿಕೆ, ಕೊನೆಗೆ 1686ರ ಪತನ, ಎಲ್ಲವೂ ಅದರೊಳಗೆ ಬೀಳುತ್ತವೆ. ಆರುನೂರು ವರ್ಷಗಳ ಅಂತರವಿದ್ದರೂ ಅವನ ಉತ್ತರ ಆ ಊರಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು. ಅಪಾಯ ಅಲ್ಲೇ ಇದೆ. ಹದಿನಾರನೆಯ ಶತಮಾನ ಎಂದಿದ್ದರೆ ಯಾರೂ ಮೋಸ ಹೋಗುವುದಿಲ್ಲ, ಏಕೆಂದರೆ ಹಿಜ್ರಿಯಲ್ಲಿ ಈಗ ನಡೆಯುತ್ತಿರುವುದೇ ಹದಿನೈದನೆಯದು. ಗೊಂದಲವೆಲ್ಲ ಅದಕ್ಕಿಂತ ಚಿಕ್ಕ ಸಂಖ್ಯೆಗಳಲ್ಲಿ. ಆಮೇಲೆ ಪ್ರತಿ ಶತಮಾನಕ್ಕೂ ಪ್ರತಿ ಇಸವಿಗೂ 'ಮೀಲಾದಿ', ಎಂದರೆ ಕ್ರಿಸ್ತಶಕ, ಅಥವಾ 'ಹಿಜ್ರಿ' ಎಂಬ ಪದವನ್ನು ತಪ್ಪದೆ ಸೇರಿಸಿದೆವು. ಒಂದೇ ಸಾಲಿನಲ್ಲಿ ಐದು ಸಲ ಬಂದರೂ ಸರಿ ಎಂದು ಹಟ ಹಿಡಿದೆ. ಗೆಳೆಯನಿಗೆ ಅದು ಭಾರವೆನಿಸಿತು, ನಾನು ಬಿಡಲಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದ ಬಲೆ ಹಳೆಯ ಪತ್ರಗಳಲ್ಲಿದೆ. ಆದಿಲ್‌ಶಾಹಿ ಆಡಳಿತದಲ್ಲಿಯೂ ಆಮೇಲೆ ಮರಾಠರ ದಫ್ತರಗಳಲ್ಲಿಯೂ 'ಶುಹೂರ್ ಸನ್' ಎಂಬ ಗಣನೆ ಬಳಕೆಯಲ್ಲಿತ್ತು. ಮರಾಠಿಯಲ್ಲಿ ಅದಕ್ಕೆ ಅರಬೀ ಸನ್ ಎಂದೂ ಹೆಸರು. ವರ್ಷವನ್ನು ಅರಬ್ಬಿ ಸಂಖ್ಯಾಪದಗಳಲ್ಲೇ ಬರೆಯುತ್ತಿದ್ದರು: 'ಸಿತ್ತ ಅರ್ಬಯೀನ್ ಅಲಫ್', ಎಂದರೆ ಆರು, ನಲವತ್ತು, ಸಾವಿರ, 1046. ಅರಬ್ಬಿ ಬಲ್ಲ ವಿದ್ಯಾರ್ಥಿ ಇದನ್ನು ನಮಗಿಂತ ವೇಗವಾಗಿ ಓದುತ್ತಾನೆ, ಹಿಜ್ರಿ 1046 ಎಂದುಕೊಳ್ಳುತ್ತಾನೆ, 1636–37 ಎಂದು ಲೆಕ್ಕ ಹಾಕುತ್ತಾನೆ. ಆದರೆ ಶುಹೂರ್ ಹಿಜ್ರಿಯಲ್ಲ. ಹಿಜ್ರಿ 745ರಲ್ಲಿ, ಅಂದರೆ 1344ರಲ್ಲಿ, ಹಿಜ್ರಿಯ ಅಂಕಿಯನ್ನೇ ಹಿಡಿದುಕೊಂಡು ಮುಂದಕ್ಕೆ ಸೌರವರ್ಷದಂತೆ ಎಣಿಸತೊಡಗಿದ ಗಣನೆ ಅದು. ಕಂದಾಯ ಬೆಳೆಯ ಮೇಲೆ ನಿಂತಿದೆ. ಚಾಂದ್ರಮಾನದ ಹಿಜ್ರಿ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು, ಹಾಗಾಗಿ ಸುಗ್ಗಿ ಸುಮಾರು ಮೂರು ವರ್ಷಕ್ಕೊಮ್ಮೆ ಬೇರೆ ತಿಂಗಳಿಗೆ ಸರಿಯುತ್ತದೆ. ಲೆಕ್ಕ ಇಡುವವರಿಗೆ ಮೃಗಶಿರಾ ಮಳೆಯ ಹೊತ್ತಿಗೆ ಶುರುವಾಗುವ, ಋತುವಿನ ಜೊತೆ ನಿಲ್ಲುವ ವರ್ಷ ಬೇಕಿತ್ತು. ಶುಹೂರ್ ವರ್ಷಕ್ಕೆ 599 ಅಥವಾ 600 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಶುಹೂರ್ 1046 ಎಂದರೆ 1645–46. ಹಿಜ್ರಿ ಎಂದು ಓದಿದವನ ಲೆಕ್ಕ ಒಂಬತ್ತು ವರ್ಷ ಹಿಂದೆ ಬೀಳುತ್ತದೆ.

ಈ ತಪ್ಪನ್ನು ಹಿಡಿಯುವುದೂ ಸುಲಭವಲ್ಲ. ಇಸವಿ ಅನುಮಾನವೆನಿಸಿದರೆ ದೊರೆಯ ಆಳ್ವಿಕೆಯ ವರ್ಷಗಳ ಜೊತೆ ಹೋಲಿಸುವುದು ನಾವು ಮಾಡುವ ಮೊದಲ ಪರೀಕ್ಷೆ. ಮುಹಮ್ಮದ್ ಆದಿಲ್‌ಶಾಹಿ ಆಳಿದ್ದು 1627ರಿಂದ 1656ರ ವರೆಗೆ. ಸರಿಯಾದ ಉತ್ತರವೂ ತಪ್ಪು ಉತ್ತರವೂ ಅದರೊಳಗೇ ಇವೆ! ಪರೀಕ್ಷೆ ಎರಡನ್ನೂ ಪಾಸು ಮಾಡುತ್ತದೆ. ಉಳಿಯುವ ಗುರುತು ಒಂದೇ, 'ಶುಹೂರ್' ಎಂಬ ಪದ. ಅರಬ್ಬಿಯಲ್ಲಿ ಆ ಪದಕ್ಕೆ ತಿಂಗಳುಗಳು ಎಂದು ಅರ್ಥ. ಗೆಳೆಯನೂ ಮೊದಲ ಕರಡಿನಲ್ಲಿ 'ತಿಂಗಳುಗಳ ವರ್ಷ' ಎಂದು ತಿಳಿದು, ಅರ್ಥವಿಲ್ಲದ ಪದ ಎಂದು ಹೊಡೆದುಹಾಕಿದ್ದ. ಗುರುತೇ ಅಳಿಸಿಹೋಗಿತ್ತು. ಈಗ ಕೈಪಿಡಿಯಲ್ಲಿ ಆ ಪದ ಹಾಗೆಯೇ ಇದೆ, ಪಕ್ಕದಲ್ಲಿ 'ದಖ್ಖನಿನ ಸೌರ ಕಂದಾಯ ಗಣನೆ, ಹಿಜ್ರಿಯಲ್ಲ' ಎಂಬ ಅರಬ್ಬಿ ಸಾಲು ಇದೆ. ಇಂಥ ಪತ್ರಗಳನ್ನು ಫಲಕಗಳಲ್ಲಿ 'ಸನದು' ಎನ್ನುತ್ತಾರೆ. ಧರ್ಮಶಾಸ್ತ್ರ ಓದುವ ವಿದ್ಯಾರ್ಥಿಗೆ ಸನದ್ ಎಂದರೆ ಹದೀಸು ಯಾರಿಂದ ಯಾರಿಗೆ ಬಂತೆಂಬ ಹೆಸರುಗಳ ಸರಪಳಿ. ಅದನ್ನೂ 'ದಾನ ಅಥವಾ ಹಕ್ಕು ನೀಡುವ ಪತ್ರ' ಎಂದು ಬಿಡಿಸಿ ಬರೆದೆವು.

ಇಸವಿಗಳ ಸಾಲಿನಲ್ಲಿ ಇನ್ನೊಂದು ಕಥೆಯಿದೆ, ಅದು ಮುದ್ರಣಾಲಯದಲ್ಲಿ ನಡೆದದ್ದು. ಆದಿಲ್‌ಶಾಹಿಗಳ ಕಾಲವನ್ನು 1490 – 1686 ಎಂದು ಟೈಪು ಮಾಡಿದ್ದೆವು. ಅರಬ್ಬಿ ಸಾಲು ಬಲದಿಂದ ಎಡಕ್ಕೆ ಓಡುವುದರಿಂದ ಪರದೆಯ ಮೇಲೆ 1490 ಬಲಗಡೆಗೂ 1686 ಎಡಗಡೆಗೂ ಕಾಣುತ್ತದೆ. ಪ್ರತಿ ಅಂಕಿ ಮಾತ್ರ ನಮ್ಮಂತೆಯೇ ಎಡದಿಂದ ಬಲಕ್ಕೆ. ಅರಬ್ಬಿ ಓದುಗನಿಗೆ ಅದು ಸರಿ, ಮೊದಲು ಬಲಗಡೆಯ 1490 ಸಿಗುತ್ತದೆ. ಆದರೆ ಕರಡು ತಿದ್ದಿದವರು ಕನ್ನಡದ ಕಣ್ಣಿನಿಂದ ನೋಡಿ, ಇಸವಿಗಳು ಅದಲುಬದಲಾಗಿವೆ ಎಂದು ಒಳ್ಳೆಯ ಮನಸ್ಸಿನಿಂದಲೇ ತಿರುಗಿಸಿಬಿಟ್ಟರು. ಅರಬ್ಬಿಯಲ್ಲಿ ಅದು 1686ರಿಂದ 1490 ಆಯಿತು. ಇಳಿಯುವ ವರ್ಷಗಳನ್ನು ಎಲ್ಲರೂ ಕ್ರಿಸ್ತಪೂರ್ವ ಎಂದೇ ಓದುವುದು. ಅಲ್ಜೀರಿಯಾದ ವಿದ್ಯಾರ್ಥಿನಿ ಆ ಪುಟದ ಮೇಲೆ ಪೆನ್ಸಿಲಿನಿಂದ 'ಕ್ರಿಸ್ತಪೂರ್ವವೇ?' ಎಂದು ಬರೆದಿಟ್ಟಿದ್ದಳು. ಗೆರೆಯನ್ನೇ ತೆಗೆದುಹಾಕಿ 'ಮಿನ್ 1490 ಇಲಾ 1686' ಎಂದು, ಇಂತಲ್ಲಿಂದ ಇಂತಲ್ಲಿಗೆ ಎಂದು, ಪದಗಳಲ್ಲಿ ಬರೆದದ್ದೇ ಇದಕ್ಕೆ ಪರಿಹಾರ. ಆಗ ಯಾರೂ ತಿರುಗಿಸಲು ಏನೂ ಉಳಿಯುವುದಿಲ್ಲ. ಅಂಕಿಗಳನ್ನೂ 1, 2, 3 ಎಂಬ ರೂಪದಲ್ಲೇ ಇಟ್ಟೆವು. ಇರಾಕಿನವರು ಪೂರ್ವದ ಅರಬ್ಬಿ ಅಂಕಿಗಳಿಗೆ ಒಗ್ಗಿದವರು, ಅಲ್ಜೀರಿಯಾದವರು ಈ ರೂಪಕ್ಕೆ. ಆದರೆ ಈ ರೂಪ ಎಲ್ಲರಿಗೂ ಓದಲು ಬರುತ್ತದೆ. ಪೂರ್ವದ ರೂಪದಲ್ಲಿ ಐದು ಎಂಬುದು ಪುಟ್ಟ ವೃತ್ತ, ಸೊನ್ನೆ ಎಂಬುದು ಬರಿಯ ಚುಕ್ಕೆ. ಕನ್ನಡದ ಸೊನ್ನೆಗೆ ಒಗ್ಗಿದ ನಮ್ಮ ಕರಡು ತಿದ್ದುವವರ ಕೈಗೆ ಅದನ್ನು ಕೊಡುವ ಧೈರ್ಯ ನನಗಾಗಲಿಲ್ಲ.

ವಸ್ತುಗಳ ವಿವರಣೆಯಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಬಿದರಿ. ಗೆಳೆಯ 'ಬೆಳ್ಳಿಯಿಂದ ಅಲಂಕರಿಸಿದ ಕಪ್ಪು ಲೋಹ' ಎಂದು ಬರೆದಿದ್ದ. ಅದು ತಪ್ಪಲ್ಲ, ಆದರೆ ಕೆಲಸವನ್ನೇ ನುಂಗಿಹಾಕುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೇಲ್ಮೈಯಲ್ಲಿ ಉಳಿಯಿಂದ ಗೀರು ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಅದರೊಳಗೆ ಕೂರಿಸಿ ಬಡಿದು, ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಲೋಹದೊಳಗೆ ಬೆಳ್ಳಿ ಕೂರಿಸುವ ಕೆಲಸಕ್ಕೆ ಅರಬ್ಬಿಯಲ್ಲಿ ಕರಾರುವಾಕ್ಕಾದ ಪದವಿದೆ, 'ತಕ್ಫೀತ್'. ಮೋಸುಲ್ ನಗರದ ಮಧ್ಯಯುಗದ ಹಿತ್ತಾಳೆ ಪಾತ್ರೆಗಳು ಹೆಸರಾದದ್ದು ಅದೇ ಕೆಲಸಕ್ಕೆ. ಮರದಲ್ಲಿ ದಂತ ಕೂರಿಸುವುದಕ್ಕೆ ಬೇರೆ ಪದವಿದೆ, ಅದನ್ನು ಇಲ್ಲಿ ಬಳಸಬಾರದು. 'ಮುಕಫ್ಫತ್' ಎಂದು ತಿದ್ದಿ ಓದಿಸಿದೊಡನೆ ಇರಾಕಿನ ಹುಡುಗ, "ಇದು ನಮ್ಮೂರ ಕೆಲಸದ ತಮ್ಮ" ಎಂದ. ಹುಕ್ಕಾಕ್ಕೆ ಯಾವ ಪದವೆಂಬುದರ ಮೇಲೆ ಅವರವರಲ್ಲೇ ಚರ್ಚೆಯಾಯಿತು. ಯೆಮನ್‌ನವನು 'ಮದಾಅ' ಎಂದ, ಸುಡಾನಿನವಳು 'ಶೀಶಾ' ಎಂದಳು. ನಾನು 'ನಾರ್ಜೀಲಾ' ಆರಿಸಿಕೊಂಡೆ. ಎಲ್ಲರಿಗೂ ತಿಳಿಯುತ್ತದೆ ಎಂಬುದು ಒಂದು ಕಾರಣ. ಅದರ ಬೇರು ತೆಂಗಿನಕಾಯಿಯ ಹೆಸರಾದ ನಮ್ಮ 'ನಾರಿಕೇಳ' ಎಂಬುದು ನನ್ನ ಮನಸ್ಸಿನ ಕಾರಣ.

ಸ್ಮಾರಕಗಳ ಹೆಸರಲ್ಲಿ ಒಂದು ಪದವನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಇಬ್ರಾಹೀಮ್ ರೋಜಾದ 'ರೋಜಾ' ಅರಬ್ಬಿಯ 'ರೌದಾ', ತೋಟ ಎಂದು ಮೂಲಾರ್ಥ. ದಖ್ಖನಿನಲ್ಲಿ ಅದು ಗೋರಿಯ ಕಟ್ಟಡವಾಯಿತು. ಇವತ್ತಿನ ಅರಬ್ ಊರುಗಳ ಬೀದಿಯಲ್ಲಿ 'ರೌದಾ' ಎಂಬ ಹಲಗೆ ಕಂಡರೆ ಅದು ಬಹುಮಟ್ಟಿಗೆ ಶಿಶುವಿಹಾರ. ದೊರೆಯ ಸಮಾಧಿಯನ್ನು ಹಾಗೆ ಕರೆಯಲು ಮನಸ್ಸೊಪ್ಪಲಿಲ್ಲ. ಸಮಾಧಿಭವನ ಎಂಬರ್ಥದ 'ದರೀಹ್' ಎಂದು ಬರೆದು, ಸ್ಥಳೀಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟೆವು.

ಎರಡನೆಯ ಮುದ್ರಣದ ಹಾಳೆಗಳೊಂದಿಗೆ ಅದೇ ತಂಡವನ್ನು ಮತ್ತೆ ಕರೆದೊಯ್ದೆ. ಈ ಸಲ ಸಂಗ್ರಹಾಲಯದಿಂದ ನೇರ ಗುಮ್ಮಟದ ದಕ್ಷಿಣ ಬಾಗಿಲಿಗೆ ಹೋದೆವು. ಅದರ ಮೇಲೆ ಮುಹಮ್ಮದ್ ಆದಿಲ್‌ಶಾಹಿಯ ಸಾವಿನ ವರ್ಷವನ್ನು ಅಂಕಿಯಲ್ಲಿ ಹೇಳದೆ ಪಾರಸಿ ವಾಕ್ಯಗಳಲ್ಲಿ ಅಡಗಿಸಿಟ್ಟಿದ್ದಾರೆ. ನಮ್ಮ ಕಟಪಯಾದಿಯ ಹಾಗೆ ಅರಬ್ಬಿಯಲ್ಲೂ ಪ್ರತಿ ಅಕ್ಷರಕ್ಕೆ ಬೆಲೆಯಿದೆ, ಅದಕ್ಕೆ 'ಅಬ್ಜದ್' ಎನ್ನುತ್ತಾರೆ. 'ಆಕಿಬತ್ ಮುಹಮ್ಮದ್ ಮಹಮೂದ್ ಶುದ್', ಮುಹಮ್ಮದನ ಅಂತ್ಯ ಮೆಚ್ಚುವಂಥದ್ದಾಯಿತು, ಎಂಬುದು ಅವುಗಳಲ್ಲೊಂದು. ಹಾಳೆಯಲ್ಲಿ ಪದಗಳನ್ನಷ್ಟೇ ಕೊಟ್ಟು, ಲೆಕ್ಕ ನೀವೇ ಮಾಡಿ ಎಂದೆ. ಯೆಮನ್‌ನ ಹುಡುಗ ಮೊದಲು ಮುಗಿಸಿದ. ಆಕಿಬತ್ 573, ಮುಹಮ್ಮದ್ 92, ಮಹಮೂದ್ 98, ಶುದ್ 304. ಒಟ್ಟು 1067 ಹಿಜ್ರಿ. ಆ ವರ್ಷ ಶುರುವಾದದ್ದು 1656ರ ಅಕ್ಟೋಬರಿನಲ್ಲಿ, ದೊರೆ ತೀರಿಕೊಂಡದ್ದು ಅದೇ ನವೆಂಬರಿನಲ್ಲಿ. ಸರಿಯಾಗಿ ಕೂಡಿತು.

ಅಲ್ಜೀರಿಯಾದ ವಿದ್ಯಾರ್ಥಿನಿ ಮಾತ್ರ ಒಪ್ಪಲಿಲ್ಲ. ಅವಳಿಗೆ 1767 ಬಂದಿತ್ತು. ಮೂರು ಸಲ ಕೂಡಿಸಿದರೂ ಅಷ್ಟೇ. ಅವಳ ಹಾಳೆ ತೆಗೆದುಕೊಂಡು ಅಕ್ಷರ ಅಕ್ಷರವಾಗಿ ನೋಡಿದಾಗ ವ್ಯತ್ಯಾಸ ಒಂದೇ ಕಡೆ ಸಿಕ್ಕಿತು. 'ಶುದ್' ಪದದ ಶೀನ್ ಅಕ್ಷರಕ್ಕೆ ಅವಳು ಸಾವಿರ ಹಾಕಿದ್ದಳು, ಉಳಿದವರು ಮುನ್ನೂರು. ಉತ್ತರ ಆಫ್ರಿಕದ ಅಬ್ಜದ್ ಕ್ರಮದಲ್ಲಿ ಶೀನ್‌ನ ಬೆಲೆ ಸಾವಿರವೇ. ಅವಳ ಅಜ್ಜ ಕಲಿಸಿದ್ದು ಅದನ್ನೇ. ಇರಾನ್ ಮತ್ತು ದಖ್ಖನಿನವರು ಬಳಸಿದ್ದು ಪೂರ್ವದ ಕ್ರಮ. ಇಬ್ಬರ ಲೆಕ್ಕವೂ ತಂತಮ್ಮ ಕಡೆ ಸರಿ. ನಾನು ಪುಸ್ತಕ ತೆರೆದು ಮೂರನೆಯ ಮುದ್ರಣಕ್ಕೆಂದು ಅಲ್ಲಿಯೇ ಬರೆದುಕೊಂಡೆ: 'ದಕ್ಷಿಣ ಬಾಗಿಲು. ಪೂರ್ವದ ಅಬ್ಜದ್. ಶೀನ್ = 300.'